ಡ್ರಿಪ್ ರೇಟ್ ಮತ್ತು ಡೋಸ್ ಲೆಕ್ಕ: ಎಂಸಿಜಿಯಿಂದ ಹನಿಯವರೆಗೆ ಒಂದೊಂದೇ ಯೂನಿಟ್ ಬದಲಿಸುವ ಕ್ರಮ

ಮಂಜೇಶ್ವರ, ಕುಂಬ್ಳೆ, ಬದಿಯಡ್ಕ ಕಡೆಯಿಂದ ನರ್ಸಿಂಗ್ ಕಲಿಲಿಕ್ಕೆ ಹೋದ ಮಕ್ಕಳು "ಟೀಚರೇ ಇದೊಂದು ಬರುದಿಲ್ಲ" ಅಂತ ಫೋಟೋ ತೆಗೆದು ಕಳಿಸುವ ಲೆಕ್ಕ ಹೆಚ್ಚುಕಮ್ಮಿ ಒಂದೇ ತರದ್ದು. ಡೋಪಮಿನ್ ಇಷ್ಟು ಎಂಸಿಜಿ ಪರ್ ಕೆಜಿ ಪರ್ ಮಿನಿಟ್ ಕೊಡ್ಬೇಕು, ಬಾಟ್ಲಿಯಲ್ಲಿ ಇಷ್ಟು ಎಂಜಿ ಉಂಟು, ನಿಮಿಷಕ್ಕೆ ಎಷ್ಟು ಹನಿ ಬಿಡ್ಬೇಕು? ಕೇರಳ ಪಿಎಸ್‌ಸಿ ಸ್ಟಾಫ್ ನರ್ಸ್ ಪರೀಕ್ಷೆಗೆ ಓದುವವರೂ ಇದನ್ನೇ ಕೇಳ್ತಾರೆ, ಏಮ್ಸಿನ ನಾರ್ಸೆಟ್‌ಗೆ ಕೂತವರೂ ಇದನ್ನೇ. ಅವರ ರಫ್ ವರ್ಕ್ ನೋಡಿದ್ರೆ ಫಾರ್ಮುಲಾ ಸರಿ ಇರ್ತದೆ, ಗುಣಾಕಾರ ಭಾಗಾಕಾರವೂ ಸರಿ ಇರ್ತದೆ, ಆದ್ರೆ ಮಧ್ಯದಲ್ಲಿ ಎಲ್ಲೋ ಎಂಸಿಜಿ ಹೋಗಿ ಎಂಜಿ ಆಗಿರ್ತದೆ ಅಥವಾ ನಿಮಿಷ ಹೋಗಿ ಗಂಟೆ ಆಗಿರ್ತದೆ, ಅದು ಯಾವ ಸಾಲಲ್ಲಿ ಆಯ್ತು ಅಂತ ಅವರಿಗೇ ಗೊತ್ತಿಲ್ಲ. ಯಾಕಂದ್ರೆ ಅಂಕಿ ಮಾತ್ರ ಬರ್ದಿದ್ದಾರೆ, ಯೂನಿಟ್ ಬರ್ದಿಲ್ಲ.

ಹಾಗಾಗಿ ಇಲ್ಲಿ ಹತ್ತು ತರದ ಲೆಕ್ಕ ಕೊಡುದಿಲ್ಲ. ಒಂದೇ ಲೆಕ್ಕವನ್ನು ಮೊದಲಿಂದ ಕೊನೆವರೆಗೆ ಮಾಡುವ. ಇಡೀ ವಿಧಾನಕ್ಕೆ ನಿಯಮ ಒಂದೇ: ಒಂದು ಸಾಲಲ್ಲಿ ಒಂದೇ ಯೂನಿಟ್ ಬದಲಾಗ್ಬೇಕು, ಬದಲಾದ ಯೂನಿಟ್ ಅಂಕಿಯ ಪಕ್ಕದಲ್ಲೇ ಬರ್ದಿರ್ಬೇಕು.

## ಕೈಯಲ್ಲಿ ಏನೇನು ಬೇಕು

ಪೆನ್ಸಿಲ್, ಪೇಪರ್, ಸೆಕೆಂಡ್ ಮುಳ್ಳಿರುವ ವಾಚ್, ಮತ್ತೆ ಸಾಧ್ಯ ಆದ್ರೆ ವಾರ್ಡಿಂದ ಐವಿ ಸೆಟ್‌ನ ಎರಡು ಖಾಲಿ ಕವರ್, ಒಂದು ಮಾಮೂಲಿ ಸೆಟ್ಟಿಂದು, ಇನ್ನೊಂದು ಮೈಕ್ರೋ ಡ್ರಿಪ್ಪಿಂದು. ಕವರ್ ಮೇಲೆ ಒಂದು ಎಂಎಲ್‌ಗೆ ಎಷ್ಟು ಹನಿ ಅಂತ ಪ್ರಿಂಟ್ ಮಾಡಿರ್ತಾರೆ, ಅದೇ ಡ್ರಾಪ್ ಫ್ಯಾಕ್ಟರ್. ನಮ್ಮ ಕಡೆ ಸಿಗುವ ಮಾಮೂಲಿ ಸೆಟ್‌ನಲ್ಲಿ ಹೆಚ್ಚಾಗಿ 20 ಇರ್ತದೆ, ಮೈಕ್ರೋ ಡ್ರಿಪ್‌ನಲ್ಲಿ 60. ಪುಸ್ತಕಗಳಲ್ಲಿ 10, 15 ಕೂಡ ಬರ್ತದೆ. ಪ್ರಶ್ನೆಯಲ್ಲಿ ಯಾವುದು ಕೊಟ್ಟಿದ್ದಾರೋ ಅದನ್ನೇ ತೆಗೊಳ್ಬೇಕು, ಬಾಯಿಪಾಠ ಮಾಡಿದ ನಂಬರ್ ಹಾಕುದು ಬೇಡ. ಪ್ರಶ್ನೆಯಲ್ಲಿ ಜಿಟಿಟಿ ಅಂತ ಇದ್ರೆ ಅದು ಹನಿಯೇ, ಬೇರೆ ಏನೂ ಅಲ್ಲ.

ಕ್ಯಾಲ್ಕ್ಯುಲೇಟರ್ ಬದಿಗಿಡಿ. ಪರೀಕ್ಷೆಯಲ್ಲಿ ಸಿಗುದಿಲ್ಲ ಅಂತ ಮಾತ್ರ ಅಲ್ಲ, ಅದನ್ನು ಹಿಡಿದ ಕೂಡ್ಲೇ ಯೂನಿಟ್ ಬರಿಯುವ ಅಭ್ಯಾಸ ಬಿಟ್ಟು ಹೋಗ್ತದೆ.

## 1. ಮೊದಲು ಸಾದಾ ಹನಿ ಲೆಕ್ಕ ಗಟ್ಟಿ ಮಾಡಿಕೊಳ್ಳಿ

ಮದ್ದು ಏನೂ ಇಲ್ಲ, ಬರೀ ಆರ್‌ಎಲ್ ಅಂತ ಇಟ್ಕೊಳ್ಳಿ. 500 ಎಂಎಲ್, 4 ಗಂಟೆಯಲ್ಲಿ ಹೋಗ್ಬೇಕು, ಸೆಟ್ 20 ಹನಿಯದ್ದು.

```
4 ಗಂಟೆ × 60 = 240 ನಿಮಿಷ
500 ಎಂಎಲ್ × 20 ಹನಿ/ಎಂಎಲ್ = 10000 ಹನಿ
10000 ಹನಿ ÷ 240 ನಿಮಿಷ = 41.67 ಹನಿ/ನಿಮಿಷ
ಅಂದ್ರೆ 42 ಹನಿ/ನಿಮಿಷ
```

ನೋಡಿ, ಎರಡನೇ ಸಾಲಲ್ಲಿ ಎಂಎಲ್ ಜೊತೆ ಎಂಎಲ್ ಹೊಡೆದು ಹೋಯ್ತು, ಹನಿ ಮಾತ್ರ ಉಳೀತು. ಇಡೀ ಬಾಟ್ಲಿಯಲ್ಲಿ ಒಟ್ಟು 10000 ಹನಿ ಉಂಟು, ಅದನ್ನು 240 ನಿಮಿಷಕ್ಕೆ ಹಂಚಿದ್ದು, ಅಷ್ಟೇ. ಹೀಗೆ ಅರ್ಥ ಮಾಡಿಕೊಂಡವರಿಗೆ ಫಾರ್ಮುಲಾದಲ್ಲಿ ಯಾವುದು ಮೇಲೆ ಯಾವುದು ಕೆಳಗೆ ಅಂತ ಗೊಂದಲ ಬರುದೇ ಇಲ್ಲ.

ಇಲ್ಲಿ ಜಾಸ್ತಿ ಆಗುವ ತಪ್ಪು ಎರಡು. ಒಂದು, ಗಂಟೆಯನ್ನು ನಿಮಿಷ ಮಾಡದೆ 4ರಿಂದಲೇ ಭಾಗಿಸುದು, ಆಗ 2500 ಬರ್ತದೆ. ನಿಮಿಷಕ್ಕೆ 2500 ಹನಿ ಅಂದ್ರೆ ಅದು ಹನಿ ಅಲ್ಲ, ನಳ್ಳಿ ಬಿಟ್ಟ ಹಾಗೆ, ನೋಡಿದ ಕೂಡ್ಲೇ ನಿಮಗೆ ಸಂಶಯ ಬರ್ಬೇಕು. ಇನ್ನೊಂದು ತಪ್ಪು ಅಷ್ಟು ಸುಲಭದಲ್ಲಿ ಕಾಣುದಿಲ್ಲ: ನಾಲ್ಕೂವರೆ ಗಂಟೆ ಅಂತ ಇದ್ರೆ 4.30 ಅಂತ ಬರ್ದು ಅದನ್ನು 60ರಿಂದ ಗುಣಿಸುದು. 4.30 × 60 ಮಾಡಿದ್ರೆ 258 ನಿಮಿಷ ಬರ್ತದೆ, ನಿಜವಾದ್ದು 240 ಮತ್ತು 30 ಸೇರಿ 270. ಉತ್ತರ 37 ಬರುವಲ್ಲಿ 39 ಬರ್ತದೆ, ಎರಡೂ ನೋಡ್ಲಿಕ್ಕೆ ಸರಿ ಇದ್ದ ಹಾಗೇ ಕಾಣ್ತದೆ, ಆಪ್ಷನ್‌ನಲ್ಲಿ ಎರಡೂ ಇದ್ರೆ ಮುಗೀತು. ಗಂಟೆಯೂ ನಿಮಿಷವೂ ಸೇರಿ ಬಂದ್ರೆ ಗಂಟೆಯನ್ನು ಮಾತ್ರ 60ರಿಂದ ಗುಣಿಸಿ, ಆಮೇಲೆ ನಿಮಿಷ ಕೂಡಿಸಿ.

ವಾರ್ಡಲ್ಲಿ "ಒಂದು ಪೈಂಟ್ ಎನ್‌ಎಸ್" ಅಂತ ಹೇಳುದು ಕೇಳಿರ್ತೀರಿ, ಅದು 500 ಎಂಎಲ್ ಬಾಟ್ಲಿಗೆ ನಾವು ಹೇಳುವ ರೂಢಿ. ಲೆಕ್ಕದಲ್ಲಿ ಪೈಂಟ್ ಅಂತ ಬರಿಬೇಡಿ, ಎಂಎಲ್ ಬರಿರಿ.

## 2. ಪ್ರಶ್ನೆಯನ್ನು ಒಡೆದು ಬರ್ಕೊಳ್ಳಿ

ಈಗ ನಮ್ಮ ಮುಖ್ಯ ಲೆಕ್ಕಕ್ಕೆ ಬರುವ. ಪ್ರಶ್ನೆ ಹೀಗುಂಟು: 64 ಕೆಜಿ ತೂಕದ ರೋಗಿಗೆ ಡೋಪಮಿನ್ 5 ಎಂಸಿಜಿ/ಕೆಜಿ/ನಿಮಿಷ ಕೊಡ್ಬೇಕು. 200 ಎಂಜಿ ಡೋಪಮಿನ್ ಸೇರಿ ಒಟ್ಟು 250 ಎಂಎಲ್ ದ್ರಾವಣ ಉಂಟು. ಮೈಕ್ರೋ ಡ್ರಿಪ್ ಸೆಟ್, 60 ಹನಿ/ಎಂಎಲ್. ನಿಮಿಷಕ್ಕೆ ಎಷ್ಟು ಹನಿ?

ಲೆಕ್ಕ ಶುರು ಮಾಡುವ ಮೊದಲು ಪೇಪರಲ್ಲಿ ಇಷ್ಟು ಬರ್ಕೊಳ್ಬೇಕು.

```
ಆರ್ಡರ್     : 5 ಎಂಸಿಜಿ/ಕೆಜಿ/ನಿಮಿಷ
ತೂಕ         : 64 ಕೆಜಿ
ಬಾಟ್ಲಿಯಲ್ಲಿ  : 200 ಎಂಜಿ, 250 ಎಂಎಲ್
ಸೆಟ್         : 60 ಹನಿ/ಎಂಎಲ್
ಬೇಕಾದ್ದು    : ಹನಿ/ನಿಮಿಷ
```

ಕೊನೆಯ ಸಾಲು ಬರಿಯದೇ ಇರುವವರು ತುಂಬ ಜನ. ಅದು ಬೇಕೇ ಬೇಕು, ಯಾಕಂದ್ರೆ ಕೆಲವು ಪ್ರಶ್ನೆಯಲ್ಲಿ ಎಂಎಲ್/ಗಂಟೆ ಕೇಳಿರ್ತಾರೆ, ಡ್ರಾಪ್ ಫ್ಯಾಕ್ಟರ್ ಸುಮ್ಮನೆ ಕೊಟ್ಟಿರ್ತಾರೆ, ಮಕ್ಕಳು ಕೊಟ್ಟದ್ದೆಲ್ಲ ಬಳಸ್ಬೇಕು ಅಂತ ಒಂದು ಹೆಜ್ಜೆ ಜಾಸ್ತಿ ಹೋಗಿ ತಪ್ಪು ಮಾಡ್ತಾರೆ.

ಈಗ ಆರ್ಡರ್ ಸಾಲನ್ನೂ ಬಾಟ್ಲಿ ಸಾಲನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಆರ್ಡರಲ್ಲಿ ಎಂಸಿಜಿ, ಬಾಟ್ಲಿಯಲ್ಲಿ ಎಂಜಿ. ಆರ್ಡರಲ್ಲಿ ನಿಮಿಷ, ಆದ್ರೆ ಡ್ರಿಪ್ಪನ್ನೋ ಪಂಪನ್ನೋ ನಾವು ಯೋಚನೆ ಮಾಡುದು ಗಂಟೆಯ ಲೆಕ್ಕದಲ್ಲಿ. ಹೊಂದದೇ ಇರುವ ಯೂನಿಟ್ ಕೆಳಗೆ ಒಂದು ಗೆರೆ ಎಳೀರಿ, ಅಲ್ಲಿ ಬದಲಾವಣೆ ಆಗ್ಬೇಕು ಅಂತ. ತೂಕ ಪೌಂಡಲ್ಲಿ ಕೊಟ್ಟಿದ್ರೆ ಅದಕ್ಕೂ ಗೆರೆ, 2.2ರಿಂದ ಭಾಗಿಸಿ ಮೊದಲೇ ಕೆಜಿ ಮಾಡಿಟ್ಕೊಳ್ಳಿ. 132 ಪೌಂಡ್ ಅಂದ್ರೆ 60 ಕೆಜಿ. ಗುಣಿಸ್ಬೇಕೋ ಭಾಗಿಸ್ಬೇಕೋ ಅಂತ ಸಂಶಯ ಬಂದ್ರೆ ನೆನಪಿಡಿ, ಕೆಜಿ ಅಂಕಿ ಯಾವತ್ತೂ ಪೌಂಡ್ ಅಂಕಿಗಿಂತ ಸಣ್ಣದು.

## 3. ಆರ್ಡರನ್ನು ಗಂಟೆಯ ಎಂಜಿಗೆ ತನ್ನಿ

ಇಲ್ಲಿ ಮೂರು ಬದಲಾವಣೆ ಉಂಟು, ಮೂರು ಸಾಲು ಬೇಕು. ಒಟ್ಟಿಗೆ ಮಾಡ್ಲಿಕ್ಕೆ ಹೋಗ್ಬೇಡಿ, ಎಷ್ಟೇ ಫಾಸ್ಟ್ ಇದ್ರೂ.

```
ತೂಕ ತೆಗೆಯುದು : 5 ಎಂಸಿಜಿ/ಕೆಜಿ/ನಿಮಿಷ × 64 ಕೆಜಿ = 320 ಎಂಸಿಜಿ/ನಿಮಿಷ
ಗಂಟೆ ಮಾಡುದು  : 320 ಎಂಸಿಜಿ/ನಿಮಿಷ × 60 = 19200 ಎಂಸಿಜಿ/ಗಂಟೆ
ಎಂಜಿ ಮಾಡುದು  : 19200 ÷ 1000 = 19.2 ಎಂಜಿ/ಗಂಟೆ
```

ಮೊದಲನೇ ಸಾಲಲ್ಲಿ ಕೆಜಿ ಹೊಡೆದು ಹೋಯ್ತು, ಈಗ ಉಳಿದದ್ದು ಈ ರೋಗಿಯ ಡೋಸ್. ಎರಡನೇ ಸಾಲಲ್ಲಿ 60ರಿಂದ ಗುಣಿಸಿದ್ದು ಯಾಕೆ? ಒಂದು ನಿಮಿಷಕ್ಕೆ 320 ಹೋದ್ರೆ ಒಂದು ಗಂಟೆಗೆ ಅದಕ್ಕಿಂತ ಜಾಸ್ತಿ ಹೋಗ್ಲೇ ಬೇಕು, ಹಾಗಾಗಿ ಗುಣಾಕಾರ. ಮೂರನೇ ಸಾಲಲ್ಲಿ ಎಂಸಿಜಿಯಿಂದ ಎಂಜಿಗೆ, ಅಂದ್ರೆ ಸಣ್ಣ ಯೂನಿಟಿಂದ ದೊಡ್ಡ ಯೂನಿಟಿಗೆ, ಅಂಕಿ ಸಣ್ಣ ಆಗ್ಬೇಕು, ಹಾಗಾಗಿ ಭಾಗಾಕಾರ. ಯೂನಿಟ್ ದೊಡ್ಡದಾದ್ರೆ ಅಂಕಿ ಸಣ್ಣದಾಗ್ತದೆ, ಯೂನಿಟ್ ಸಣ್ಣದಾದ್ರೆ ಅಂಕಿ ದೊಡ್ಡದಾಗ್ತದೆ, ದಶಮಾಂಶ ಯಾವ ಕಡೆ ಸರಿಸುದು ಅಂತ ಬೆರಳು ಮಡಚಿ ಎಣಿಸುವ ಬದಲು ಇದನ್ನು ಕೇಳ್ಕೊಳ್ಳಿ.

ಆರ್ಡರ್ ಕೈಬರಹದಲ್ಲಿ ಇದ್ರೆ ಇನ್ನೊಂದು ಅಪಾಯ ಉಂಟು. ಮೈಕ್ರೋಗೆ ಹಾಕುವ ಮ್ಯೂ ಗುರುತು ಅವಸರದಲ್ಲಿ ಬರ್ದಾಗ ಎಂ ಅಕ್ಷರದ ಹಾಗೇ ಕಾಣ್ತದೆ, ಎಂಸಿಜಿ ಇದ್ದದ್ದು ಎಂಜಿ ಆಗಿಬಿಟ್ರೆ ಸಾವಿರ ಪಟ್ಟು. ಡೋಪಮಿನ್ ಯಾವತ್ತೂ ಎಂಜಿ/ಕೆಜಿ/ನಿಮಿಷ ಆರ್ಡರ್ ಇರುದಿಲ್ಲ, ಹೆಚ್ಚಾಗಿ 2ರಿಂದ 20 ಎಂಸಿಜಿ/ಕೆಜಿ/ನಿಮಿಷದ ಒಳಗೆ ಇರ್ತದೆ. ಎಂಜಿ ಅಂತ ಕಂಡ್ರೆ ಕೈ ನಿಲ್ಲಿಸಿ, ಬರೆದ ಡಾಕ್ಟರತ್ರ ಕೇಳ್ಬೇಕು, ಊಹೆ ಮಾಡ್ಬಾರ್ದು. ನೀವು ಬರಿಯುವಾಗ ಎಂಸಿಜಿ ಅಂತ ಪೂರ್ತಿ ಬರಿರಿ, ಸೊನ್ನೆ ಪಾಯಿಂಟ್ ಎಂಟನ್ನು 0.8 ಅಂತ ಮುಂದೆ ಸೊನ್ನೆ ಹಾಕಿ ಬರಿರಿ, ಐದನ್ನು 5 ಅಂತ ಮಾತ್ರ ಬರಿರಿ, 5.0 ಬೇಡ, ಚುಕ್ಕಿ ಕಾಣದಿದ್ರೆ 50 ಆಗಿ ಹೋಗ್ತದೆ.

## 4. ಒಂದು ಎಂಎಲ್‌ನಲ್ಲಿ ಎಷ್ಟು ಮದ್ದು ಉಂಟು ಅಂತ ಹುಡುಕಿ

ಮಕ್ಕಳು ಎಡವುವ ನಿಜವಾದ ಜಾಗ ಇದು. ಬಾಟ್ಲಿಯಲ್ಲಿ 200 ಎಂಜಿ ಅಂತ ಕಂಡ ಕೂಡ್ಲೇ 19.2ನ್ನು 200ರಿಂದ ಭಾಗಿಸ್ತಾರೆ, ಆಮೇಲೆ ಬಂದದ್ದು ಏನು ಅಂತ ಗೊತ್ತಾಗುದಿಲ್ಲ. 200 ಎಂಜಿ ಇಡೀ ಬಾಟ್ಲಿಯದ್ದು, ನಮಗೆ ಬೇಕಾದ್ದು ಒಂದು ಎಂಎಲ್‌ನದ್ದು.

```
200 ಎಂಜಿ ÷ 250 ಎಂಎಲ್ = 0.8 ಎಂಜಿ/ಎಂಎಲ್
```

ಮದ್ದು ಮೇಲೆ, ಎಂಎಲ್ ಕೆಳಗೆ. ತಿರುಗಿಸಿ 250ನ್ನು 200ರಿಂದ ಭಾಗಿಸಿದ್ರೆ 1.25 ಬರ್ತದೆ, ಅದು ಎಂಎಲ್/ಎಂಜಿ, ಅಂದ್ರೆ ಒಂದು ಎಂಜಿ ಬೇಕಾದ್ರೆ ಎಷ್ಟು ಎಂಎಲ್ ಅಂತ. ಅದೂ ತಪ್ಪಲ್ಲ, ಅದರಿಂದಲೂ ಲೆಕ್ಕ ಆಗ್ತದೆ, ಆದ್ರೆ ಆಗ ಮುಂದಿನ ಸಾಲಲ್ಲಿ ಭಾಗಿಸುವ ಬದಲು ಗುಣಿಸ್ಬೇಕು. ಯೂನಿಟ್ ಬರ್ದಿದ್ರೆ ಯಾವುದು ಕೈಯಲ್ಲಿ ಉಂಟು ಅಂತ ಗೊತ್ತಾಗ್ತದೆ, ಬರಿಯದಿದ್ರೆ 1.25ನ್ನು 0.8ರ ಜಾಗದಲ್ಲಿ ಹಾಕಿ ಹೋಗ್ತೀರಿ.

ಈಗ ಗಂಟೆಗೆ ಎಷ್ಟು ಎಂಎಲ್ ಅಂತ:

```
19.2 ಎಂಜಿ/ಗಂಟೆ ÷ 0.8 ಎಂಜಿ/ಎಂಎಲ್ = 24 ಎಂಎಲ್/ಗಂಟೆ
```

ಕನ್ನಡ ಮೀಡಿಯಂನಲ್ಲಿ ಕಲಿತವರಿಗೆ ಇದು ಶಾಲೆಯ ತ್ರೈರಾಶಿಯೇ: 0.8 ಎಂಜಿಗೆ 1 ಎಂಎಲ್ ಆದ್ರೆ 19.2 ಎಂಜಿಗೆ ಎಷ್ಟು? ಹಾಗೆ ಬರ್ದುಕೊಂಡ್ರೂ ಸರಿ, ನನಗೆ ಕೇಳಿದ್ರೆ ಹೊಸದಾಗಿ ಕಲಿಯುವವರಿಗೆ ಅದೇ ಒಳ್ಳೇದು. ಎರಡೂ ಕಡೆ ಒಂದೇ ಯೂನಿಟ್ ಇರ್ಬೇಕು ಅನ್ನುವ ನಿಯಮ ತ್ರೈರಾಶಿಯಲ್ಲಿ ತಾನಾಗಿಯೇ ಬರ್ತದೆ, ಎಂಸಿಜಿ ಒಂದು ಕಡೆ ಎಂಜಿ ಇನ್ನೊಂದು ಕಡೆ ಬರ್ದ್ರೆ ಕಣ್ಣಿಗೆ ಹೊಡೀತದೆ.

ಇಲ್ಲಿವರೆಗೆ ಎಲ್ಲೂ ರೌಂಡ್ ಮಾಡ್ಬಾರ್ದು. ಇದೇ ಲೆಕ್ಕದಲ್ಲಿ 250 ಎಂಎಲ್‌ಗೆ 400 ಎಂಜಿ ಇದ್ರೆ ಒಂದು ಎಂಎಲ್‌ನಲ್ಲಿ 1.6 ಎಂಜಿ, ಉತ್ತರ 12 ಎಂಎಲ್/ಗಂಟೆ. 1.6ನ್ನು 2 ಅಂತ ರೌಂಡ್ ಮಾಡಿದವರಿಗೆ 9.6 ಬರ್ತದೆ, ರೋಗಿಗೆ ಐದರಲ್ಲಿ ಒಂದು ಪಾಲು ಮದ್ದು ಕಮ್ಮಿ ಆಯ್ತು. ಹನಿಯನ್ನು ಅರ್ಧ ಮಾಡ್ಲಿಕ್ಕೆ ಆಗುದಿಲ್ಲ ಅನ್ನುವ ಕಾರಣಕ್ಕೆ ಕೊನೆಯ ಸಾಲಲ್ಲಿ ಮಾತ್ರ ರೌಂಡ್.

## 5. ಎಂಎಲ್‌ನಿಂದ ಹನಿಗೆ

```
24 ಎಂಎಲ್/ಗಂಟೆ × 60 ಹನಿ/ಎಂಎಲ್ = 1440 ಹನಿ/ಗಂಟೆ
1440 ಹನಿ/ಗಂಟೆ ÷ 60 = 24 ಹನಿ/ನಿಮಿಷ
```

ಮೈಕ್ರೋ ಡ್ರಿಪ್‌ನಲ್ಲಿ ಎಂಎಲ್/ಗಂಟೆ ಎಷ್ಟೋ ಹನಿ/ನಿಮಿಷವೂ ಅಷ್ಟೇ, ಯಾಕಂದ್ರೆ ಒಂದು 60 ಮೇಲೆ ಬರ್ತದೆ, ಇನ್ನೊಂದು 60 ಕೆಳಗೆ. ಆದ್ರೆ ಈ ಎರಡು 60 ಬೇರೆ ಬೇರೆ, ಒಂದು ಸೆಟ್‌ನ ಹನಿ, ಇನ್ನೊಂದು ಗಂಟೆಯ ನಿಮಿಷ. ಮೂರನೇ ಹಂತದಲ್ಲಿ ಬಂದ 60 ಕೂಡ ನಿಮಿಷದ್ದು. ಇದಕ್ಕೆ ಸರಿಯಾಗಿ ಪ್ರಶ್ನೆಯಲ್ಲಿ ರೋಗಿಯ ತೂಕವೂ 60 ಕೆಜಿ ಅಂತ ಇದ್ರೆ ಪೇಪರ್ ತುಂಬಾ 60 ಆಗ್ತದೆ, ಯಾವುದನ್ನು ಹೊಡೆದದ್ದು ಯಾವುದು ಉಳಿದದ್ದು ಅಂತ ತಿಳಿಯುದಿಲ್ಲ. ಪಕ್ಕದಲ್ಲಿ ಯೂನಿಟ್ ಇದ್ರೆ ಮಾತ್ರ ಬಚಾವ್.

ಇದೇ 24 ಎಂಎಲ್/ಗಂಟೆಯನ್ನು 20 ಹನಿಯ ಸೆಟ್‌ನಲ್ಲಿ ಬಿಟ್ರೆ 24 × 20 ÷ 60, ನಿಮಿಷಕ್ಕೆ 8 ಹನಿ. ಅಲ್ಲಿ ಒಂದು ಹನಿ ಹೆಚ್ಚಾದ್ರೆ 9, ಅಂದ್ರೆ ನೂರಕ್ಕೆ ಹನ್ನೆರಡೂವರೆ ಪಾಲು ಡೋಸ್ ಜಾಸ್ತಿ. ಮೈಕ್ರೋ ಡ್ರಿಪ್‌ನಲ್ಲಿ 24 ಹೋಗಿ 25 ಆದ್ರೆ ನೂರಕ್ಕೆ ನಾಲ್ಕು ಪಾಲು. ಇಂತಹ ಮದ್ದಿಗೆ ಮಾಮೂಲಿ ಸೆಟ್ ಬಳಸದೇ ಇರುದು ಇದಕ್ಕೇ. ನಿಜವಾದ ವಾರ್ಡಲ್ಲಿ ಡೋಪಮಿನ್ ಪಂಪ್‌ನಲ್ಲೇ ಹೋಗ್ಬೇಕು, ರೋಲರ್ ಕ್ಲ್ಯಾಂಪ್ ತಿರುಗಿಸಿ ಬಿಟ್ಟ ಡ್ರಿಪ್ ರೋಗಿ ಕೈ ಮಡಚಿದ್ರೂ ಬದಲಾಗ್ತದೆ.

ಹನಿ ಎಣಿಸುದು ಹೇಗೆ ಅಂತಲೂ ಹೇಳ್ತೇನೆ. 24 ಹನಿ/ನಿಮಿಷ ಅಂದ್ರೆ 15 ಸೆಕೆಂಡಿಗೆ 6. ವಾಚನ್ನು ಡ್ರಿಪ್ ಚೇಂಬರ್ ಪಕ್ಕದಲ್ಲೇ ಹಿಡೀರಿ, ಹನಿ ಮತ್ತು ಮುಳ್ಳು ಎರಡೂ ಒಂದೇ ನೋಟಕ್ಕೆ ಬೀಳ್ಬೇಕು. 15 ಸೆಕೆಂಡಲ್ಲಿ ಹೊಂದಿಸಿದ ಮೇಲೆ ಪೂರ್ತಿ ಒಂದು ನಿಮಿಷ ಎಣಿಸಿ, ಮೊದಲ ಹನಿ ಬಿದ್ದಾಗ ಸೊನ್ನೆಯಿಂದ ಶುರು ಮಾಡಿ, ಒಂದು ಅಂತ ಅಲ್ಲ.

## 6. ಉತ್ತರ ಹಿಡಿದು ಹಿಂದೆ ನಡೀರಿ

ಉತ್ತರ ಬಂದ ಮೇಲೆ ಅದೇ ಲೆಕ್ಕವನ್ನು ಇನ್ನೊಂದು ಸಲ ಮೇಲಿಂದ ಮಾಡಿದ್ರೆ ಅದೇ ತಪ್ಪು ಇನ್ನೊಂದು ಸಲ ಆಗ್ತದೆ, ಹೆಚ್ಚಿನವರಿಗೆ. ಕೆಳಗಿಂದ ಮೇಲೆ ಬನ್ನಿ.

```
24 ಎಂಎಲ್/ಗಂಟೆ × 0.8 ಎಂಜಿ/ಎಂಎಲ್ = 19.2 ಎಂಜಿ/ಗಂಟೆ
19.2 ಎಂಜಿ × 1000 = 19200 ಎಂಸಿಜಿ/ಗಂಟೆ
19200 ÷ 60 = 320 ಎಂಸಿಜಿ/ನಿಮಿಷ
320 ÷ 64 ಕೆಜಿ = 5 ಎಂಸಿಜಿ/ಕೆಜಿ/ನಿಮಿಷ
```

ಆರ್ಡರ್ ಅಂಕಿ ವಾಪಸ್ ಬಂತು, ಲೆಕ್ಕ ಸರಿ. ಪರೀಕ್ಷೆಯಲ್ಲಿ ಇದೇ ತಿರುಗಿಸಿ ಕೂಡ ಕೇಳ್ತಾರೆ, "ಪಂಪ್ 24 ಎಂಎಲ್/ಗಂಟೆಯಲ್ಲಿ ಓಡ್ತಾ ಉಂಟು, ರೋಗಿಗೆ ಸಿಗುವ ಡೋಸ್ ಎಷ್ಟು" ಅಂತ. ನೀವು ಪ್ರತಿ ಸಲ ಹಿಂದೆ ನಡೆದು ಚೆಕ್ ಮಾಡಿದ್ರೆ ಅದಕ್ಕೆ ಬೇರೆ ಅಭ್ಯಾಸ ಬೇಡ.

## ತಪ್ಪು ಉತ್ತರವೇ ತಪ್ಪು ಎಲ್ಲಿ ಅಂತ ಹೇಳ್ತದೆ

ಮಕ್ಕಳ ಪೇಪರ್ ನೋಡುವಾಗ ನಾನು ಮೊದಲು ನೋಡುದು ಕೊನೆಯ ಅಂಕಿ. ಸರಿ ಉತ್ತರ 24 ಅಂತ ಗೊತ್ತುಂಟಲ್ಲ, ಬಂದ ಉತ್ತರ ಅದಕ್ಕಿಂತ ಎಷ್ಟು ಪಟ್ಟು ದೂರ ಉಂಟು ಅಂತ ನೋಡಿದ್ರೆ ಎಡವಿದ ಜಾಗ ಸಿಗ್ತದೆ.

24000 ಅಥವಾ 0.024 ಬಂದಿದ್ರೆ ಸಾವಿರದ ತಪ್ಪು, ಎಂಸಿಜಿ ಎಂಜಿ ಬದಲಾವಣೆ ಬಿಟ್ಟಿದ್ದೀರಿ ಅಥವಾ ಆರ್ಡರನ್ನೂ ಬಾಟ್ಲಿಯನ್ನೂ ಸೇರಿಸಿ ಎರಡು ಕಡೆ ಮಾಡಿದ್ದೀರಿ. ಎರಡು ಕಡೆ ಮಾಡುದು ಅಂದ್ರೆ ಆರ್ಡರನ್ನು ಎಂಜಿಗೆ ತಂದು, ಅದು ಮರ್ತು ಬಾಟ್ಲಿಯನ್ನು ಎಂಸಿಜಿಗೆ ತಂದು, ಮತ್ತೆ ಭಾಗಿಸುದು. ಎರಡರಲ್ಲಿ ಯಾವುದಾದ್ರೂ ಒಂದನ್ನು ಮಾತ್ರ ಬದಲಿಸಿ. ಬಾಟ್ಲಿಯನ್ನು 800 ಎಂಸಿಜಿ/ಎಂಎಲ್ ಮಾಡಿ 19200ನ್ನು ಭಾಗಿಸಿದ್ರೂ 24ಏ ಬರುದು.

1440 ಬಂದಿದ್ರೆ 60ರ ತಪ್ಪು, ಹನಿ/ಗಂಟೆಯಲ್ಲೇ ನಿಂತು ಹೋಗಿದ್ದೀರಿ, ಅಥವಾ ಡೋಸಿಗೆ ಎರಡು ಸಲ 60 ಹಾಕಿದ್ದೀರಿ.

ಎಲ್ಲದಕ್ಕಿಂತ ಮೋಸದ್ದು 0.4. ನಿಮಿಷದಿಂದ ಗಂಟೆಗೆ ಬರದೇ 320 ಎಂಸಿಜಿಯನ್ನು 800ರಿಂದ ಭಾಗಿಸಿದ್ರೆ 0.4 ಬರ್ತದೆ, ಅದು ಎಂಎಲ್/ನಿಮಿಷ, ಎಂಎಲ್/ಗಂಟೆ ಅಲ್ಲ. ತೂಕದಿಂದ ಗುಣಿಸುದು ಮರ್ತವರಿಗೆ 0.375 ಬರ್ತದೆ, ಅದನ್ನೂ ರೌಂಡ್ ಮಾಡಿ 0.4 ಅಂತ ಬರಿತಾರೆ. ಒಂದೇ ಅಂಕಿ, ತಪ್ಪು ಎರಡು ಬೇರೆ. 0.4 ಎಂಎಲ್/ನಿಮಿಷ ಅನ್ನುದು ತಪ್ಪಲ್ಲ ಅನ್ನುದನ್ನೂ ನೋಡಿ, ಅದನ್ನು 60 ಹನಿಯಿಂದ ಗುಣಿಸಿದ್ರೆ ನೇರ 24 ಹನಿ/ನಿಮಿಷ ಬರ್ತದೆ, ಅದು ಕೂಡ ಒಂದು ದಾರಿ. ಆದ್ರೆ ಯೂನಿಟ್ ಬರಿಯದೆ 0.4 ಅಂತ ಬಿಟ್ಟವರು 60 ಹನಿಯಿಂದ ಗುಣಿಸಿ, ಮತ್ತೆ 60ರಿಂದ ಭಾಗಿಸ್ಲಿಕ್ಕೆ ಹೋಗಿ ಅಂತಿಮಕ್ಕೆ 0.4 ಹನಿ ಅಂತ ಬರಿತಾರೆ. ಎರಡೂವರೆ ನಿಮಿಷಕ್ಕೆ ಒಂದು ಹನಿ ಬೀಳುವ ಡ್ರಿಪ್ ಇರುದಿಲ್ಲ. ಮಲ್ಟಿಪಲ್ ಚಾಯ್ಸ್‌ನಲ್ಲಿ ಆಪ್ಷನ್ ಮಾಡುವವರು ಈ ತಪ್ಪುಗಳಿಂದಲೇ ಮಾಡುದು, ಹಾಗಾಗಿ "ನನ್ನ ಉತ್ತರ ಆಪ್ಷನ್‌ನಲ್ಲಿ ಉಂಟು, ಸರಿಯೇ ಇರ್ಬೇಕು" ಅಂತ ನಂಬ್ಲಿಕ್ಕೆ ಆಗುದಿಲ್ಲ.

## ಆಂಪ್ಯೂಲ್‌ನ ಎಂಎಲ್ ಸೇರಿಸ್ಬೇಕಾ?

ಈ ಪ್ರಶ್ನೆ ತುಂಬ ಬರ್ತದೆ. ಇಲ್ಲಿ ಸಿಗುವ ಡೋಪಮಿನ್ ಆಂಪ್ಯೂಲ್ 200 ಎಂಜಿ, 5 ಎಂಎಲ್. ಅದನ್ನು 250 ಎಂಎಲ್ ಬಾಟ್ಲಿಗೆ ಹಾಗೇ ಹಾಕಿದ್ರೆ ಒಟ್ಟು 255 ಎಂಎಲ್ ಆಗ್ತದೆ, ಆಗ 24 ಎಂಎಲ್/ಗಂಟೆಯಲ್ಲಿ ರೋಗಿಗೆ 5ರ ಬದಲು 4.9 ಸಿಗ್ತದೆ. ವ್ಯತ್ಯಾಸ ಸಣ್ಣದು, ಪ್ರಶ್ನೆಯಲ್ಲಿ "250 ಎಂಎಲ್‌ನಲ್ಲಿ" ಅಂತ ಇದ್ರೆ 250 ತೆಗೊಂಡ್ರೆ ಸಾಕು.

ಆದ್ರೆ ಸಿರಿಂಜ್ ಪಂಪ್ ಅಂದ್ರೆ ಕಥೆ ಬೇರೆ. 50 ಎಂಎಲ್ ಸಿರಿಂಜ್‌ನಲ್ಲಿ ಅದೇ 200 ಎಂಜಿ ಬೇಕಾದ್ರೆ 5 ಎಂಎಲ್ ಮದ್ದು, 45 ಎಂಎಲ್ ಎನ್‌ಎಸ್, ಒಟ್ಟು 50. ಆಗ 4 ಎಂಜಿ/ಎಂಎಲ್, ನಮ್ಮ ರೋಗಿಗೆ 19.2 ÷ 4, ಅಂದ್ರೆ 4.8 ಎಂಎಲ್/ಗಂಟೆ. 45ರ ಬದಲು 50 ಎಂಎಲ್ ಎನ್‌ಎಸ್‌ಗೆ 5 ಎಂಎಲ್ ಸೇರಿಸಿದವರ ದ್ರಾವಣ 55 ಎಂಎಲ್, ನೂರಕ್ಕೆ ಒಂಬತ್ತು ಪಾಲು ತೆಳು. ದ್ರಾವಣ ಕಮ್ಮಿ ಇದ್ದಷ್ಟು ಈ ತಪ್ಪು ದೊಡ್ಡದಾಗ್ತದೆ. ಪ್ರಶ್ನೆಯಲ್ಲಿ "ಸೇರಿಸಿ 50 ಎಂಎಲ್ ಮಾಡಿದೆ" ಅಂತ ಉಂಟೋ "50 ಎಂಎಲ್‌ಗೆ ಸೇರಿಸಿದೆ" ಅಂತ ಉಂಟೋ ಎರಡು ಸಲ ಓದಿ.

ಇಲ್ಲಿ ಇನ್ನೊಂದು ಚೆಕ್ ಕೂಡ ಸಿಗ್ತದೆ: 0.8 ಹೋಗಿ 4 ಆಯ್ತು, ಮದ್ದು ಐದು ಪಟ್ಟು ಗಟ್ಟಿ, ಹಾಗಾದ್ರೆ ರೇಟ್ ಐದರಲ್ಲಿ ಒಂದು ಪಾಲು ಆಗ್ಬೇಕು, 24 ÷ 5 ಅಂದ್ರೆ 4.8. ಸರಿ ಬಂತು. ಗಟ್ಟಿ ಮಾಡಿದಾಗ ರೇಟ್ ಏರಿದ್ರೆ ಎಲ್ಲೋ ತಿರುಗಾಮುರುಗಾ ಆಗಿದೆ.

## ಬಾಟ್ಲಿ ಎಷ್ಟು ಹೊತ್ತು ಬರ್ತದೆ ಅಂತ ಕೇಳಿದ್ರೆ

250 ಎಂಎಲ್ ÷ 24 ಎಂಎಲ್/ಗಂಟೆ ಮಾಡಿದ್ರೆ 10.4167 ಗಂಟೆ ಬರ್ತದೆ. ಇದು ಹತ್ತು ಗಂಟೆ ನಲ್ವತ್ತೊಂದು ನಿಮಿಷ ಅಲ್ಲ. 0.4167 ಗಂಟೆಯನ್ನು 60ರಿಂದ ಗುಣಿಸಿ, 25 ನಿಮಿಷ. ಬೆಳಿಗ್ಗೆ 8 ಗಂಟೆಗೆ ಹಾಕಿದ್ರೆ ಸಂಜೆ 6.25ಕ್ಕೆ ಮುಗೀತದೆ. ವಾರ್ಡಲ್ಲಿ ಈ ಹದಿನಾರು ನಿಮಿಷ ಚಿಲ್ಲರೆ ವಿಷಯ ಅಲ್ಲ, ಡೋಪಮಿನ್ ಒಮ್ಮೆಲೇ ನಿಂತ್ರೆ ಬಿಪಿ ಇಳೀತದೆ, ಮುಗಿಯುವ ಮೊದಲೇ ಇನ್ನೊಂದು ರೆಡಿ ಇರ್ಬೇಕು.

## ಈಗ ಒಂದು ನೀವೇ ಮಾಡಿ

50 ಕೆಜಿ ರೋಗಿ, ನಾರ್‌ಅಡ್ರಿನಲಿನ್ 0.1 ಎಂಸಿಜಿ/ಕೆಜಿ/ನಿಮಿಷ, ಸಿರಿಂಜ್‌ನಲ್ಲಿ 4 ಎಂಜಿ ಸೇರಿ ಒಟ್ಟು 50 ಎಂಎಲ್, ಪಂಪ್ ರೇಟ್ ಎಷ್ಟು? ಕೆಳಗೆ ನೋಡುವ ಮೊದಲು ಪೇಪರಲ್ಲಿ ಮಾಡಿ.

ಡೋಸ್ ಸಣ್ಣದಿರುವ ಕಾರಣ ಇಲ್ಲಿ ಬಾಟ್ಲಿಯ ಬದಿಯನ್ನು ಎಂಸಿಜಿಗೆ ತರುದು ಸುಲಭ, ದಶಮಾಂಶ ಕಮ್ಮಿ ಬರ್ತದೆ.

```
0.1 ಎಂಸಿಜಿ/ಕೆಜಿ/ನಿಮಿಷ × 50 ಕೆಜಿ = 5 ಎಂಸಿಜಿ/ನಿಮಿಷ
5 ಎಂಸಿಜಿ/ನಿಮಿಷ × 60 = 300 ಎಂಸಿಜಿ/ಗಂಟೆ
4 ಎಂಜಿ × 1000 = 4000 ಎಂಸಿಜಿ
4000 ಎಂಸಿಜಿ ÷ 50 ಎಂಎಲ್ = 80 ಎಂಸಿಜಿ/ಎಂಎಲ್
300 ಎಂಸಿಜಿ/ಗಂಟೆ ÷ 80 ಎಂಸಿಜಿ/ಎಂಎಲ್ = 3.75 ಎಂಎಲ್/ಗಂಟೆ
```

ಪಂಪ್ ಒಂದೇ ದಶಮಾಂಶ ತೆಗೊಳ್ಳುದಾದ್ರೆ 3.8. ಇದನ್ನು 4 ಅಂತ ಬರಿಬೇಡಿ, ಪಂಪಿಗೆ ಹನಿಯ ಹಾಗೆ ಪೂರ್ಣ ಅಂಕಿ ಬೇಕಂತ ಇಲ್ಲ. ಇಲ್ಲಿ ತೂಕವೂ 50, ಸಿರಿಂಜೂ 50, ಹಾಗಾಗಿ ಯಾವ 50 ಎಲ್ಲಿ ಹೋಯ್ತು ಅಂತ ನಿಮ್ಮ ಪೇಪರ್ ನೋಡಿ: ಒಂದರ ಪಕ್ಕ ಕೆಜಿ, ಇನ್ನೊಂದರ ಪಕ್ಕ ಎಂಎಲ್ ಬರ್ದಿದ್ದೀರಾ? 3.75 ಬಂದಿದ್ರೂ ಅದು ಬರ್ದಿಲ್ಲ ಅಂತಾದ್ರೆ ಯೂನಿಟ್ ಹಾಕಿ ಇನ್ನೊಂದು ಸಲ ಮಾಡಿ, ಆಮೇಲೆ ಕೆಳಗಿಂದ ಮೇಲೆ ಹೋಗಿ 0.1 ವಾಪಸ್ ಬರ್ತದಾ ನೋಡಿ.